ಲೈಟ್ ಹೆಚ್ಚಿಸಬೇಡಿ, ಪಕ್ಕಕ್ಕೆ ಸರಿಸಿ

ಮೈಸೂರಿನ ಬಡಾವಣೆಗಳಲ್ಲಿ ತಗಡಿನ ಶೆಡ್ ಕಟ್ಟಿ, ಮ್ಯಾಟ್ ಹಾಸಿ, ಬ್ಯಾಡ್ಮಿಂಟನ್ ಕೋರ್ಟ್ ಅಂತ ಬೋರ್ಡ್ ಹಾಕೋದು ಈಗ ಮಾಮೂಲು. ಇಂಥ ಕಡೆ ಆಡಿದವರಿಗೆ ಗೊತ್ತು: ಎತ್ತರದ ಲಿಫ್ಟ್ ಬಂದರೆ ಶಟಲ್ ಲೈಟಿನೊಳಗೆ ಮಾಯ. "ಇನ್ನೂ ನಾಲ್ಕು ಲೈಟ್ ಹಾಕ್ಸಿ" ಅಂತಾರೆ. ಅದು ತಪ್ಪು ಮದ್ದು ಅನ್ನೋದು ನಮ್ಮ ವಾದ.

ಸ್ಮ್ಯಾಶ್‌ಗೆ ಸಿದ್ಧವಾದವರ ಕಣ್ಣು ನೇರ ಮೇಲಕ್ಕೇ ಇರುತ್ತದೆ. ಆದ್ದರಿಂದ 6.1 ಮೀಟರ್ ಅಗಲದ ಕೋರ್ಟಿನ ನೆತ್ತಿಯ ಮೇಲೆ ಲೈಟೇ ಇರಬಾರದು. ಎರಡೂ ಸೈಡ್‌ಲೈನ್‌ಗಳ ಹೊರಗೆ, ಉದ್ದಕ್ಕೆ ಸಮಾನಾಂತರವಾಗಿ ಒಂದೊಂದು ಸಾಲು ಇರಲಿ. ಅಕ್ಕಪಕ್ಕ ಎರಡು ಕೋರ್ಟಿದ್ದರೆ ನಡುವಿನ ಜಾಗದ ಮೇಲೆ ಬರಲಿ.

ಗೋಡೆಗೆ ಸುಣ್ಣದ ಬಿಳುಪು ಬೇಡ. ಬಿಳಿ ಗರಿಯ ಶಟಲ್ ಅದರಲ್ಲಿ ಕರಗುತ್ತದೆ. ಹೊಳಪಿಲ್ಲದ ಗಾಢ ಹಸಿರು ಅಥವಾ ನೀಲಿ ಬಳಿಯಿರಿ. ನೆಲವೂ ಮಿರುಗಬಾರದು, ಮಿರುಗಿದರೆ ಲೈಟು ಕೆಳಗಿನಿಂದಲೂ ಕಣ್ಣಿಗೆ ಹೊಡೆಯುತ್ತದೆ. ಮ್ಯಾಟನ್ನು ಬರಿ ಕಾಂಕ್ರೀಟಿನ ಮೇಲೆ ಹಾಸಿದರೆ ಮಂಡಿಗೆ ಪೆಟ್ಟು; ಅಡಿಯಲ್ಲಿ ಪುಟಿಯುವ ಮರದ ಹಲಗೆ ಬೇಕು.

ಇವನ್ನೆಲ್ಲ ಆಮೇಲೂ ಸರಿಮಾಡಬಹುದು, ಎತ್ತರವನ್ನಲ್ಲ. ದೊಡ್ಡ ಟೂರ್ನಿಗಳು 12 ಮೀಟರ್ ಕೇಳುತ್ತವೆ. ಶೆಡ್ಡಿನ ತುದಿ 9 ಮೀಟರ್ ಇದ್ದು, ಟ್ರಸ್ಸಿನ ಕೆಳಪಟ್ಟಿ 7ರಲ್ಲಿದ್ದರೆ ನಿಮಗೆ ಸಿಗೋದು 7 ಮಾತ್ರ. ಹಾಗಾಗಿ ನಮ್ಮ ಕ್ಯಾಂಪಸ್ಸಿನಲ್ಲಿ ಹೊಸ ಕೋರ್ಟಿನ ಮಾತು ಬಂದಾಗ ಮೊದಲು ನಕ್ಷೆ ಕೇಳೋಣ. ಅದರಲ್ಲಿ ಟ್ರಸ್ಸಿನ ಕೆಳಪಟ್ಟಿಯ ಎತ್ತರ ನೋಡೋಣ.