ಕಂಪನಿ ಮುಚ್ಚಿದರೂ ತಿಂಗಳ ಹಣ ಕಡಿತ ನಿಂತಿಲ್ಲವೇ? ನಿಲ್ಲಿಸಬೇಕಾದ್ದು ನಿಮ್ಮ ಬ್ಯಾಂಕಿನಲ್ಲಿ

“ಆಟೋ ಡೆಬಿಟ್ ರದ್ದು ಮಾಡಲು ಕಂಪನಿಗೆ ಮಾತ್ರ ಸಾಧ್ಯ. ಕಂಪನಿ ಬಾಗಿಲು ಹಾಕಿದ್ದರೆ ಖಾತೆ ಖಾಲಿ ಮಾಡಿ ಇಟ್ಟುಬಿಡಿ, ಇಲ್ಲವೇ ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಿ.” ಈ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಜಿಮ್, ಟ್ಯೂಷನ್ ಆ್ಯಪ್, ಕೋಚಿಂಗ್ ಸೆಂಟರ್ ಇದ್ದಕ್ಕಿದ್ದಂತೆ ಮುಚ್ಚಿದಾಗ ಇಂಥವು ಬೇಗ ಹರಡುತ್ತವೆ. ಇದರಲ್ಲಿ ಎಷ್ಟು ನಿಜ?

ಮೊದಲ ಮಾತೇ ತಪ್ಪು. ಅದನ್ನು ನಂಬಿ ಕೊಡುವ ಎರಡು ಸಲಹೆಗಳಲ್ಲಿ ಒಂದು ಬಹಳ ಸಲ ಕೆಲಸಕ್ಕೆ ಬರುವುದಿಲ್ಲ, ಇನ್ನೊಂದು ನಿಮ್ಮನ್ನೇ ತೊಂದರೆಗೆ ಸಿಲುಕಿಸಬಹುದು. ಏಕೆ ಎಂಬುದನ್ನು ನೋಡೋಣ.

ಮುಚ್ಚಿದ ಕಂಪನಿ ಹಣ ಎಳೆಯುವುದು ಹೇಗೆ?

ಪ್ರತಿ ತಿಂಗಳು ಹಣ ಕಡಿತವಾಗಲು ನೀವು ಒಮ್ಮೆ ಒಪ್ಪಿಗೆ ಕೊಟ್ಟಿರುತ್ತೀರಿ. ಅದಕ್ಕೆ ಮ್ಯಾಂಡೇಟ್ ಎಂದು ಹೆಸರು. ಎಷ್ಟು ಹಣದವರೆಗೆ, ಎಷ್ಟು ದಿನಕ್ಕೊಮ್ಮೆ, ಯಾವಾಗಿನವರೆಗೆ ಕಡಿತ ಮಾಡಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಕಂಪನಿಯ ಪರವಾಗಿ ಅದರ ಬ್ಯಾಂಕೋ ಪಾವತಿ ಸೇವಾ ಸಂಸ್ಥೆಯೋ ಪ್ರತಿ ಬಾರಿ ಬೇಡಿಕೆ ಕಳಿಸುತ್ತದೆ. ಮ್ಯಾಂಡೇಟ್ ಜೀವಂತವಾಗಿದ್ದರೆ ನಿಮ್ಮ ಬ್ಯಾಂಕ್ ಹಣ ಕೊಡುತ್ತದೆ.

ಈ ಬೇಡಿಕೆ ಕಳಿಸುವ ಕೆಲಸ ಬಹುಮಟ್ಟಿಗೆ ಕಂಪ್ಯೂಟರಿನದು. ಕಚೇರಿಗೆ ಬೀಗ ಬಿದ್ದರೂ, ಸಿಬ್ಬಂದಿ ಮನೆಗೆ ಹೋದರೂ, ಯಾರಾದರೂ ನಿಲ್ಲಿಸುವವರೆಗೆ ಅದು ನಡೆಯುತ್ತಲೇ ಇರಬಹುದು. ಕಂಪನಿ ಮುಚ್ಚಿದೆ ಎಂಬ ಸುದ್ದಿ ನಿಮ್ಮ ಬ್ಯಾಂಕಿಗೆ ತಾನಾಗಿ ತಲುಪುವುದಿಲ್ಲ. ಆದರೆ ಹಣ ಹೊರಹೋಗುವ ಬಾಗಿಲು ಇರುವುದು ನಿಮ್ಮ ಬ್ಯಾಂಕಿನಲ್ಲಿ. ಒಪ್ಪಿಗೆ ಕೊಟ್ಟವರು ನೀವು, ಅದನ್ನು ಹಿಂದೆಗೆದುಕೊಳ್ಳಬೇಕಾದವರೂ ನೀವೇ.

ಮೊದಲು ಯಾವ ದಾರಿ ಎಂದು ಗುರುತಿಸಿ

ಹಣ ಹೋಗುವ ದಾರಿಗಳು ಮುಖ್ಯವಾಗಿ ಮೂರು. ಒಂದರಲ್ಲಿ ಕಡಿತವಾಗುತ್ತಿರುವುದನ್ನು ಇನ್ನೊಂದರಲ್ಲಿ ನಿಲ್ಲಿಸಲಾಗದು. ಆದ್ದರಿಂದ ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟ್‌ನಲ್ಲಿ ಆ ಕಡಿತದ ಸಾಲನ್ನು ಓದಿ.

ಅಲ್ಲಿ `UPI` ಎಂದಿದ್ದರೆ ಅದು ಯುಪಿಐ ಆಟೋಪೇ. ಒಪ್ಪಿಗೆ ಕೊಟ್ಟ ಆ್ಯಪ್ ತೆರೆದು ಆಟೋಪೇ ಅಥವಾ ಮ್ಯಾಂಡೇಟ್ ಎಂಬ ವಿಭಾಗಕ್ಕೆ ಹೋಗಿ, ಆ ಕಂಪನಿಯ ಹೆಸರು ಒತ್ತಿ, ರದ್ದುಗೊಳಿಸಿ ಯುಪಿಐ ಪಿನ್ ಹಾಕಿದರೆ ಆಯಿತು. ಕಂಪನಿಯ ಅನುಮತಿ ಬೇಕಿಲ್ಲ.

ಕಾರ್ಡಿನ ಸ್ಟೇಟ್‌ಮೆಂಟ್‌ನಲ್ಲಿ ಕಡಿತ ಕಂಡರೆ ಅದು ಕಾರ್ಡಿನ ಇ-ಮ್ಯಾಂಡೇಟ್. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ನಿಮ್ಮ ಬ್ಯಾಂಕ್ ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಬೇಕು. ಆ ಒಂದು ಕಂತನ್ನು ಮಾತ್ರ ಬೇಡ ಎನ್ನುವ ಅಥವಾ ಇಡೀ ಮ್ಯಾಂಡೇಟನ್ನೇ ರದ್ದು ಮಾಡುವ ಅವಕಾಶ ಅದರಲ್ಲಿರಬೇಕು. ಕಂಪನಿ ಮುಚ್ಚಿದ್ದರೆ ಎರಡನೆಯದನ್ನೇ ಆರಿಸಿ. ಒಂದು ಕಂತು ತಡೆದರೆ ಮುಂದಿನ ತಿಂಗಳು ಮತ್ತೆ ಅದೇ ಕತೆ.

`ACH` ಅಥವಾ `NACH` ಎಂದಿದ್ದರೆ ಹಣ ನೇರವಾಗಿ ಖಾತೆಯಿಂದ ಹೋಗುತ್ತಿದೆ. ಇದನ್ನು ನಾಚ್ ಎನ್ನುತ್ತಾರೆ, ನಡೆಸುವುದು ಎನ್‌ಪಿಸಿಐ. ಜನರು ಹೆಚ್ಚು ಪರದಾಡುವುದು ಇಲ್ಲಿಯೇ.

ಕಾರ್ಡ್ ಬ್ಲಾಕ್ ಮಾಡಿಸುವ ಸಲಹೆ ಏಕೆ ಸಾಲದು ಎಂಬುದು ಈಗ ಅರ್ಥವಾಗಿರಬೇಕು. ಯುಪಿಐ ಆಟೋಪೇಗೂ ನಾಚ್‌ಗೂ ನಿಮ್ಮ ಕಾರ್ಡಿಗೂ ಸಂಬಂಧವಿಲ್ಲ. ಫೋನಿನಿಂದ ಕಂಪನಿಯ ಆ್ಯಪ್ ಅಳಿಸಿದರೂ ಅಷ್ಟೇ. ಆ್ಯಪ್ ಹೋಗುತ್ತದೆ, ಮ್ಯಾಂಡೇಟ್ ಉಳಿಯುತ್ತದೆ.

ಒಂದು ಉದಾಹರಣೆ

ದಾವಣಗೆರೆಯ ಒಬ್ಬ ತಾಯಿ ಮಗನ ಆನ್‌ಲೈನ್ ಟ್ಯೂಷನ್‌ಗೆ ಪ್ರತಿ ತಿಂಗಳ 5ರಂದು 1,200 ರೂಪಾಯಿ ಕಡಿತಕ್ಕೆ ಒಪ್ಪಿಗೆ ಕೊಟ್ಟಿದ್ದರು ಎಂದುಕೊಳ್ಳಿ. ಆ್ಯಪ್ ತೆರೆಯುತ್ತಿಲ್ಲ, ಫೋನ್ ಸ್ವಿಚ್ ಆಫ್, ಕಳಿಸಿದ ಇಮೇಲ್ ವಾಪಸ್ ಬರುತ್ತಿದೆ. ಜೂನ್ 5ರಂದು ಹಣ ಮಾತ್ರ ಹೋಗಿದೆ. ಪಾಸ್‌ಬುಕ್ಕಿನ ಸಾಲಿನಲ್ಲಿ `ACH` ಎಂದಿದೆ.

ಅವರು ಮೊದಲು ನೆಟ್ ಬ್ಯಾಂಕಿಂಗ್‌ನಲ್ಲಿ ಮ್ಯಾಂಡೇಟ್ ವಿಭಾಗ ಹುಡುಕುತ್ತಾರೆ. ಹಲವು ಬ್ಯಾಂಕುಗಳಲ್ಲಿ ಅಲ್ಲೇ ರದ್ದು ಮಾಡಬಹುದು. ಅವರ ಬ್ಯಾಂಕಿನಲ್ಲಿ ಆ ಅವಕಾಶ ಕಾಣಲಿಲ್ಲ, ಆದರೆ `UMRN` ಎಂಬ ಉದ್ದನೆಯ ಸಂಖ್ಯೆ ಸಿಕ್ಕಿತು. ಪ್ರತಿ ನಾಚ್ ಮ್ಯಾಂಡೇಟಿಗೂ ಇರುವ ಗುರುತಿನ ಸಂಖ್ಯೆ ಅದು. ಅದು ಸಿಗದಿದ್ದರೆ ಬ್ರಾಂಚಿನವರೇ ನಿಮ್ಮ ಖಾತೆ ನೋಡಿ ಹೇಳಬಲ್ಲರು.

ಜೂನ್ 18ರಂದು ಬ್ರಾಂಚಿಗೆ ಹೋದಾಗ ಕೌಂಟರಿನಲ್ಲಿದ್ದವರು, “ಇದನ್ನ ಕಂಪನಿಯವರೇ ಕ್ಯಾನ್ಸಲ್ ಮಾಡ್ಬೇಕು ಮೇಡಂ” ಎನ್ನುತ್ತಾರೆ. ಮಾತಿನಲ್ಲೇ ಮುಗಿಸಿ ಹಿಂದಿರುಗಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೆ ಅವರು ಒಂದು ಹಾಳೆಯಲ್ಲಿ ಬರೆದು ಕೊಡುತ್ತಾರೆ:

“ನನ್ನ ಉಳಿತಾಯ ಖಾತೆಯ ಮೇಲಿರುವ ಈ UMRN ಸಂಖ್ಯೆಯ ಮ್ಯಾಂಡೇಟಿಗೆ ನಾನು ಕೊಟ್ಟಿದ್ದ ಒಪ್ಪಿಗೆಯನ್ನು ಇಂದಿನಿಂದ ಹಿಂದೆಗೆದುಕೊಂಡಿದ್ದೇನೆ. ಕಂಪನಿ ಸಂಪರ್ಕಕ್ಕೆ ಸಿಗುತ್ತಿಲ್ಲ. ಮ್ಯಾಂಡೇಟನ್ನು ಶಾಶ್ವತವಾಗಿ ರದ್ದುಗೊಳಿಸಿ. ಮುಂದೆ ಬರುವ ಯಾವುದೇ ಬೇಡಿಕೆಗೆ ನನ್ನ ಅನುಮತಿ ಇಲ್ಲ.”

ಖಾತೆ ಸಂಖ್ಯೆ, ಕಂಪನಿಯ ಹೆಸರು, ಕಡಿತದ ಮೊತ್ತ, ದಿನಾಂಕ, ಸಹಿ. ಎರಡು ಪ್ರತಿ. ಒಂದರ ಮೇಲೆ ಬ್ರಾಂಚಿನ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳುತ್ತಾರೆ. ಅದೇ ಒಕ್ಕಣೆಯನ್ನು ಬ್ಯಾಂಕಿನ ದೂರು ವಿಭಾಗಕ್ಕೂ ಇಮೇಲ್ ಮಾಡಿ ದೂರು ಸಂಖ್ಯೆ ಪಡೆಯುತ್ತಾರೆ. ಬ್ಯಾಂಕಿಗೆ ಕೆಲಸ ಮಾಡಲು ಸಮಯ ಬೇಕು. ಕಡಿತದ ಹಿಂದಿನ ಸಂಜೆ ಓಡಿಹೋದರೆ ಆ ತಿಂಗಳ ಕಂತು ತಪ್ಪದಿರಬಹುದು.

ಜುಲೈ 5ರಂದು ಮತ್ತೆ 1,200 ರೂಪಾಯಿ ಹೋಯಿತು ಎನ್ನಿ. ಹೊರಗಿನಿಂದ ನೋಡಿದರೆ ಜೂನ್‌ನ ಕಡಿತದಂತೆಯೇ ಇದೆ, ಆದರೆ ಎರಡೂ ಒಂದೇ ಅಲ್ಲ. ಜೂನ್‌ನಲ್ಲಿ ಹೋದದ್ದು ಅವರ ಒಪ್ಪಿಗೆ ಇದ್ದಾಗ. ಜುಲೈನಲ್ಲಿ ಹೋದದ್ದು ಒಪ್ಪಿಗೆ ಹಿಂದೆಗೆದುಕೊಂಡ ಮೇಲೆ, ಅಂದರೆ ಅದು ಅನಧಿಕೃತ ಕಡಿತ. ಸೀಲು ಹಾಕಿದ ಆ ಹಾಳೆಯ ಬೆಲೆ ಇರುವುದು ಇಲ್ಲಿ. ಅನಧಿಕೃತ ವಹಿವಾಟುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಬ್ಯಾಂಕಿನದೇ ಲೋಪವಿದ್ದರೆ ಗ್ರಾಹಕರು ನಷ್ಟ ಹೊರಬೇಕಿಲ್ಲ. ಆದರೂ ಎಸ್‌ಎಂಎಸ್ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಡುವುದೇ ಒಳ್ಳೆಯದು. ಆಗ ತಪ್ಪು ಯಾರದ್ದು ಎಂಬ ಚರ್ಚೆಗೆ ಜಾಗ ಕಡಿಮೆ. ದೂರು ತಲುಪಿದ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು ಎಂದೂ ಆ ಸುತ್ತೋಲೆಯಲ್ಲಿದೆ.

ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ, `cms.rbi.org.in` ತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಈಗಾಗಲೇ ಹೋದ ಹಣದ ಗತಿಯೇನು?

ಮ್ಯಾಂಡೇಟ್ ರದ್ದು ಮಾಡಿದರೆ ಮುಂದಿನ ಕಡಿತ ನಿಲ್ಲುತ್ತದೆ, ಹಿಂದಿನದು ತಾನಾಗಿ ವಾಪಸ್ ಬರುವುದಿಲ್ಲ. ಕಾರ್ಡಿನಲ್ಲಿ ಕಟ್ಟಿದ್ದರೆ ಮಾತ್ರ ಒಂದು ಒಳ್ಳೆಯ ದಾರಿಯಿದೆ. ಅದು ಚಾರ್ಜ್‌ಬ್ಯಾಕ್. “ಹಣ ಕೊಟ್ಟೆ, ಸೇವೆ ಸಿಗಲಿಲ್ಲ” ಎಂದು ನಿಮ್ಮ ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟರೆ, ಅದು ಕಂಪನಿಯ ಪರ ಹಣ ಸ್ವೀಕರಿಸಿದ ಬ್ಯಾಂಕಿನಿಂದ ವಾಪಸ್ ಕೇಳುತ್ತದೆ. ಕಂಪನಿ ಇಲ್ಲವಾದರೂ ಆ ಬ್ಯಾಂಕ್ ಇರುತ್ತದೆ. ಮುಚ್ಚಿದ ಕಂಪನಿಯ ವಿಷಯದಲ್ಲೂ ಇದು ಫಲಿಸುವುದು ಅದಕ್ಕೇ. ಆದರೆ ಇದಕ್ಕೆ ಕಾಲಮಿತಿ ಇದೆ. ತಡಮಾಡದೆ, ಸೇವೆ ನಿಂತ ದಿನಾಂಕ, ಹಣ ಕಟ್ಟಿದ ರಸೀದಿ, ವಾಪಸ್ ಬಂದ ಇಮೇಲ್ ಇವುಗಳೊಂದಿಗೆ ದೂರು ಕೊಡಿ.

ಎಚ್ಚರ: ಅದು ಸಾಲದ ಕಂತೂ ಆಗಿರಬಹುದು

ಇನ್ನೊಂದು ಸಂಗತಿ ಎಲ್ಲಕ್ಕಿಂತ ಮುಖ್ಯ. ಸ್ಟೇಟ್‌ಮೆಂಟ್‌ನಲ್ಲಿ ಕೋಚಿಂಗ್ ಸೆಂಟರಿನ ಹೆಸರಿನ ಬದಲು ಯಾವುದೋ ಫೈನಾನ್ಸ್ ಕಂಪನಿಯ ಹೆಸರಿದೆಯೇ ನೋಡಿ. ಎಷ್ಟೋ ಕಡೆ “ಫೀಸನ್ನು ಕಂತಿನಲ್ಲಿ ಕಟ್ಟಿ” ಎಂದು ಸಹಿ ಹಾಕಿಸಿಕೊಳ್ಳುವುದು ನಿಜದಲ್ಲಿ ಸಾಲದ ಕಾಗದಕ್ಕೆ. ಫೈನಾನ್ಸ್ ಕಂಪನಿ ಇಡೀ ಫೀಸನ್ನು ಸೆಂಟರಿಗೆ ಕೊಟ್ಟಿರುತ್ತದೆ, ನೀವು ಸಾಲ ತೀರಿಸುತ್ತಿರುತ್ತೀರಿ. ಸೆಂಟರ್ ಮುಚ್ಚಿದರೂ ದಾಖಲೆಯಲ್ಲಿ ಸಾಲ ಹಾಗೇ ಇರುತ್ತದೆ.

ಇಲ್ಲಿ ಮ್ಯಾಂಡೇಟ್ ರದ್ದು ಮಾಡಿದರೆ ಕಡಿತ ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. ಬಾಕಿ, ದಂಡ, ಕ್ರೆಡಿಟ್ ಸ್ಕೋರಿಗೆ ಪೆಟ್ಟು ಎಲ್ಲವೂ ಹಿಂದೆ ಬರುತ್ತವೆ. ಖಾತೆ ಖಾಲಿ ಮಾಡುವ ಸಲಹೆ ಇನ್ನೂ ಅಪಾಯಕಾರಿ. ಪ್ರತಿ ಬಾರಿ ಹಣ ಸಾಲದೆ ಕಂತು ಮರಳಿದಾಗ ಬ್ಯಾಂಕ್ ಶುಲ್ಕ ಹಾಕುತ್ತದೆ. ಅಷ್ಟೇ ಅಲ್ಲ, ಸಾಲದ ಕಂತು ಹೀಗೆ ಮರಳಿದರೆ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಚೆಕ್ ಬೌನ್ಸ್‌ನಂತೆಯೇ, ಕ್ರಿಮಿನಲ್ ದೂರು ದಾಖಲಾಗಬಹುದು.

ಆದ್ದರಿಂದ ಸಾಲವಾಗಿದ್ದರೆ ಮೊದಲು ಫೈನಾನ್ಸ್ ಕಂಪನಿಗೆ ಬರೆಯಿರಿ. ಸೇವೆ ಯಾವ ದಿನ ನಿಂತಿತು, ಎಷ್ಟು ತಿಂಗಳ ಪಾಠ ಬಾಕಿ ಇದೆ ಎಂದು ತಿಳಿಸಿ, ಉಳಿದ ಕಂತು ರದ್ದುಪಡಿಸುವಂತೆ ಕೇಳಿ. ಅವರ ಕುಂದುಕೊರತೆ ಅಧಿಕಾರಿ 30 ದಿನದಲ್ಲಿ ಉತ್ತರಿಸದಿದ್ದರೆ ಅದೇ ಒಂಬುಡ್ಸ್‌ಮನ್ ದಾರಿಯಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಸಾಲ ಮನ್ನಾ ಆಗಿಯೇ ತೀರುತ್ತದೆ ಎಂದು ನಾವು ಹೇಳಲಾರೆವು. ಆದರೆ ಲಿಖಿತ ತಕರಾರು ಇಲ್ಲದೆ ಕಂತು ನಿಲ್ಲಿಸಿದರೆ ನಿಮ್ಮ ಪಕ್ಷ ಖಂಡಿತ ದುರ್ಬಲವಾಗುತ್ತದೆ.

ಗೂಗಲ್‌ನಲ್ಲಿ ಸಿಗುವ ನಂಬರಿಗೆ ಕರೆ ಮಾಡಬೇಡಿ

ಮುಚ್ಚಿದ ಕಂಪನಿಯ ಕಸ್ಟಮರ್ ಕೇರ್ ಹುಡುಕುವವರಿಗಾಗಿಯೇ ವಂಚಕರು ನಕಲಿ ನಂಬರ್ ಹಾಕಿರುತ್ತಾರೆ. “ರೀಫಂಡ್ ಕಳಿಸುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ, ಓಟಿಪಿ ಹೇಳಿ” ಎಂದರೆ ಫೋನ್ ಇಟ್ಟುಬಿಡಿ. ಹಣ ಪಡೆಯಲು ಯುಪಿಐ ಪಿನ್ ಯಾವತ್ತೂ ಬೇಕಿಲ್ಲ. ಮೋಸ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ತೀರ್ಮಾನ: ಆಟೋ ಡೆಬಿಟ್ ರದ್ದು ಮಾಡಲು ಕಂಪನಿಗೆ ಮಾತ್ರ ಸಾಧ್ಯ ಎಂಬುದು ಸುಳ್ಳು. ಯುಪಿಐ ಆದರೆ ಆ್ಯಪ್‌ನಲ್ಲಿ, ಕಾರ್ಡ್ ಅಥವಾ ನಾಚ್ ಆದರೆ ನಿಮ್ಮ ಬ್ಯಾಂಕಿನಲ್ಲಿ ನೀವೇ ರದ್ದು ಮಾಡಿಸಬಹುದು. ಅದು ಸಾಲದ ಕಂತೇ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಿ. ಆ ಸಂದೇಶ ಮತ್ತೆ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಬದಲು ಇಷ್ಟನ್ನು ಉತ್ತರವಾಗಿ ಹಾಕಿ.