ಹತ್ತು ಹಸು ನೋಡಿದರೆ ಸಾಲದು

ಕತ್ತಲಗೆರೆಯಂಥ ಊರಲ್ಲಿ ಹತ್ತು ಹಸುಗಳ ರಕ್ತ ಪರೀಕ್ಷಿಸಿದರು, ಕಂದು ಹಾಕುವ ರೋಗ (ಬ್ರುಸೆಲ್ಲೋಸಿಸ್) ಒಂದರಲ್ಲೂ ಸಿಗಲಿಲ್ಲ ಎಂದುಕೊಳ್ಳಿ. ಊರಿಗೆ ರೋಗವೇ ಇಲ್ಲ ಎನ್ನಬಹುದೇ? ಎನ್ನಬಾರದು ಎಂಬುದು ನಮ್ಮ ಮಾತು. ಹಸಿಹಾಲಿನಿಂದ ಇದು ಮನುಷ್ಯರಿಗೂ ಅಂಟುತ್ತದೆ.

ನೂರಕ್ಕೆ 5 ಹಸುಗಳಿಗೆ ರೋಗವಿದೆ ಎನ್ನೋಣ. ನಾವು ಆರಿಸಿದ ಒಂದು ಹಸುವಿಗೆ ರೋಗ ಇಲ್ಲದಿರುವ ಸಾಧ್ಯತೆ 0.95. ಹತ್ತಕ್ಕೂ ಇಲ್ಲದಿರುವುದಕ್ಕೆ 0.95 ಅನ್ನು ಹತ್ತು ಸಲ ಬರೆದು ಗುಣಿಸಿ: ಸುಮಾರು 0.60. ಅಂದರೆ ನೂರರಲ್ಲಿ 60 ಸಲ ರೋಗ ಕಣ್ಣಿಗೇ ಬೀಳುವುದಿಲ್ಲ. ನೂರರಲ್ಲಿ 95 ಸಲ ಒಂದಾದರೂ ಸಿಗಬೇಕೆಂದರೆ 59 ಹಸು ನೋಡಬೇಕು.

ಅವನ್ನೂ ಒಂದೇ ಕೇರಿಯಿಂದ ಹಿಡಿದು ತಂದರೆ ಲೆಕ್ಕ ಕೆಡುತ್ತದೆ. ಊರಿನ ಎಲ್ಲ ಹಸುಗಳ ಹೆಸರಲ್ಲಿ ಚೀಟಿ ಎತ್ತಬೇಕು. "ರೋಗ ಸಿಗಲಿಲ್ಲ" ಎಂದವರನ್ನು ಕೇಳಿ: ಎಷ್ಟು ಹಸು ನೋಡಿದಿರಿ, ಹೇಗೆ ಆರಿಸಿದಿರಿ?