ಗಟ್ಟಿ ಹಲ್ಲನ್ನು ತೇಯುವ ಮುನ್ನ

ದೌಂಡ ಜಂಕ್ಷನ್ನಿನ ಆಸುಪಾಸಿನಲ್ಲಿ ಹಲ್ಲಿನ ವೈದ್ಯಳಾಗಿ ದುಡಿಯುತ್ತಿರುವ ನಾನು ಇದನ್ನು ನನ್ನ ವೃತ್ತಿಬಾಂಧವರಿಗಾಗಿಯೂ ಅವರ ಕುರ್ಚಿಯಲ್ಲಿ ಬಾಯಿ ತೆರೆದು ಕೂರುವವರಿಗಾಗಿಯೂ ಬರೆಯುತ್ತಿದ್ದೇನೆ. ಕಲಬುರಗಿ ಕಡೆಯಿಂದ ಬಂದು ರೈಲ್ವೆ ಕ್ವಾರ್ಟರ್ಸಿನಲ್ಲಿ ನೆಲೆಸಿದ ಅಕ್ಕನೊಬ್ಬರು ಒಂದು ದಿನ ಕೆಳಗಿನ ಎಡ ದವಡೆಯ ಸಂದಿ ತೋರಿಸಿದರು. ಆರನೇ ವಯಸ್ಸಿಗೆ ಬಂದಿದ್ದ ದೊಡ್ಡ ದವಡೆ ಹಲ್ಲನ್ನು ಎರಡು ವರ್ಷದ ಹಿಂದೆ ಕೀಳಿಸಿಕೊಂಡಿದ್ದರು. ಬೇರೊಂದು ಕಡೆ ಬ್ರಿಡ್ಜ್ ಹಾಕಿಸಿಕೊಳ್ಳಿ, ಒಂದೇ ವಾರದ ಕೆಲಸ ಅಂದಿದ್ದರಂತೆ. ಅವರು ಕೇಳಿದ್ದು ಒಂದೇ ಮಾತು: “ಬಾಜೂಕಿನ ಹಲ್ಲು ಎರಡೂ ಗಟ್ಟಿ ಅದಾವಲ್ರಿ, ಅವನ್ನ ಯಾಕ ತಿಕ್ಕತೀರಿ?”

ಈ ಪ್ರಶ್ನೆಗೆ ನಾವು ಉತ್ತರ ಕೊಡಲೇಬೇಕು. ಬ್ರಿಡ್ಜ್ ಎಂದರೆ ಮೂರು ಹಲ್ಲಿನ ಒಂದೇ ತುಂಡು. ನಡುವಿನದು ಖಾಲಿ ಜಾಗದ ಮೇಲೆ ನಿಲ್ಲುತ್ತದೆ, ಆಚೀಚಿನ ಎರಡು ಹಲ್ಲುಗಳಿಗೆ ಟೋಪಿಯಂತೆ ಕ್ಯಾಪ್ ಕೂರುತ್ತದೆ. ಕ್ಯಾಪ್ ಕೂರಬೇಕಾದರೆ ಹಲ್ಲಿನ ನೆತ್ತಿಯನ್ನು ಒಂದೂವರೆಯಿಂದ ಎರಡು ಮಿಲಿಮೀಟರ್ ತೇಯಬೇಕು, ಸುತ್ತಲೂ ಇಳಿಜಾರಾಗಿ ಕೆತ್ತಬೇಕು. ಹೊರಗೆ ಕಾಣುವ ಹಲ್ಲಿನ ಅರ್ಧಕ್ಕಿಂತ ಹೆಚ್ಚು ಪುಡಿಯಾಗಿ ನೀರಿನ ಜೊತೆ ಹೋಗುತ್ತದೆ. ಹೋದ ಎನಾಮಲ್ ಮತ್ತೆ ಹುಟ್ಟುವುದಿಲ್ಲ. ಹೀಗೆ ಕೆತ್ತಿದ ಹಲ್ಲುಗಳಲ್ಲಿ ಕೆಲವು ಒಳಗಿನ ನರ ಸತ್ತು, ವರ್ಷಗಳ ನಂತರ ರೂಟ್ ಕೆನಾಲ್‌ಗೆ ಬರುತ್ತವೆ.

ನಾನೂ ಅದನ್ನು ಮಾಡಿದ್ದೇನೆ. ವೃತ್ತಿಗೆ ಬಂದ ಹೊಸದರಲ್ಲಿ ಹುಳುಕಿನ ಚುಕ್ಕೆಯೂ ಇಲ್ಲದ ಎರಡು ಹಲ್ಲುಗಳನ್ನು ತೇಯ್ದು ಒಬ್ಬ ಹುಡುಗನಿಗೆ ಬ್ರಿಡ್ಜ್ ಕೂರಿಸಿದೆ. ಎಂಟು ವರ್ಷದ ಮೇಲೆ ಬಾಯಿ ವಾಸನೆ ಅಂತ ಬಂದ. ಬ್ರಿಡ್ಜನ್ನು ಬೆರಳಿಂದ ಒತ್ತಿದರೆ ಹಿಂದಿನ ಕ್ಯಾಪಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಎದ್ದವು. ಆ ಕಡೆಯ ಸಿಮೆಂಟ್ ಬಿಟ್ಟಿತ್ತು, ಮುಂದಿನ ಕಡೆ ಗಟ್ಟಿಯಾಗಿತ್ತು, ಹಾಗಾಗಿ ಬ್ರಿಡ್ಜ್ ಉದುರಲೂ ಇಲ್ಲ, ಅವನಿಗೆ ತಿಳಿಯಲೂ ಇಲ್ಲ. ತೆಗೆದು ನೋಡಿದರೆ ಒಳಗಿನ ಹಲ್ಲು ನೆನೆದ ಕಟ್ಟಿಗೆಯ ಹಾಗೆ ಮೆತ್ತಗಾಗಿತ್ತು. ಹೋಗಿದ್ದ ಹಲ್ಲು ಒಂದು, ನಾನು ಎರಡು ಮಾಡಿದೆ.

ಬ್ರಿಡ್ಜೇ ಕೆಟ್ಟದ್ದು ಅನ್ನುವುದಿಲ್ಲ. ಆಚೀಚಿನ ಹಲ್ಲುಗಳಿಗೆ ಮೊದಲೇ ದೊಡ್ಡ ಫಿಲ್ಲಿಂಗ್ ಇದ್ದು, ಹೇಗೂ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜೇ ಸರಿಯಾದ ದಾರಿ. ಅಂಥವರು ಅದರ ಅಡಿಯ ಸಂದಿಯಲ್ಲಿ ದಿನವೂ ದಾರ ತೂರಿಸಿ ಸ್ವಚ್ಛ ಮಾಡಲೇಬೇಕು. ಆದರೆ ಮುಟ್ಟದ ಹಲ್ಲುಗಳಿದ್ದಾಗ ಇಂಪ್ಲಾಂಟಿನ ಮಾತನ್ನೂ ತೆಗೆದು ಹಾಕಿಕೊಳ್ಳುವ ಕಟ್ಟಿಸಿದ ಹಲ್ಲಿನ ಮಾತನ್ನೂ ಎತ್ತದೆ ಡ್ರಿಲ್ ಹಿಡಿಯುವುದು ಅನ್ಯಾಯ.

ಆ ಅಕ್ಕನಿಗೆ ಇಂಪ್ಲಾಂಟ್ ಆಗಬಹುದಿತ್ತು, ಆದರೆ ಅಂದೇ ಅಲ್ಲ. ಸಕ್ಕರೆ ಕಾಯಿಲೆಯ ಮೂರು ತಿಂಗಳ ಸರಾಸರಿ 9 ದಾಟಿತ್ತು. ದಿನಕ್ಕೆರಡು ಬಾರಿ ಹಲ್ಲಿಗೆ ಮಿಶ್ರಿ ತಿಕ್ಕುತ್ತಿದ್ದರು. ಅದು ಸುಟ್ಟ ತಂಬಾಕಿನ ಪುಡಿ. ಟೈಟಾನಿಯಂ ತಿರುಪು ಎಲುಬಿನ ಜೊತೆ ಬೆಸೆದುಕೊಳ್ಳುತ್ತದೆ ಅನ್ನುವುದನ್ನು ಬಳಸಿಕೊಂಡು ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದರು. ಕೆಳ ದವಡೆಯಲ್ಲಿ ಆ ಬೆಸುಗೆಗೆ ಸಾಮಾನ್ಯವಾಗಿ ಮೂರು ತಿಂಗಳು ಬೇಕು. ಹತೋಟಿಯಿಲ್ಲದ ಸಕ್ಕರೆ, ತಂಬಾಕು ಎರಡೂ ಗಾಯ ಮಾಯುವುದನ್ನು ಕೆಡಿಸುತ್ತವೆ. ಇದನ್ನು ಹೇಳದೆ ದುಡ್ಡು ತೆಗೆದುಕೊಳ್ಳುವುದೂ ಅನ್ಯಾಯವೇ.

ಹಾಗಾಗಿ ಮೊದಲು ತೆಗೆದು ಹಾಕಿಕೊಳ್ಳುವ ಹಲ್ಲು. ಇದನ್ನು ಬಡವರ ಪಾಲು ಅಂತ ನೋಡಬೇಡಿ. ಯಾವ ಹಲ್ಲನ್ನೂ ಕ್ಯಾಪಿಗಾಗಿ ಕೆತ್ತದೆ ಯೋಚನೆಗೆ ಸಮಯ ಕೊಡುವ ಉಪಾಯ ಇದು. ಆದರೆ ಒಂದೇ ಹಲ್ಲಿನ ಪುಟ್ಟ ತುಂಡು ಮಾಡಿಕೊಡುವುದು ಅಪಾಯ, ನಿದ್ದೆಯಲ್ಲಿ ಜಾರಿ ಗಂಟಲಿಗೆ ಇಳಿಯಬಹುದು. ನಾಲಗೆಯ ಕೆಳಗಿನಿಂದ ಹಾದು ಬಲಗಡೆಯ ಹಲ್ಲುಗಳಿಗೂ ಕೊಕ್ಕೆ ಹಿಡಿಯುವಂತೆ ಮಾಡಿಕೊಟ್ಟೆ. ರಾತ್ರಿ ತೆಗೆದು ನೀರಿನಲ್ಲಿಡಲು ಹೇಳಿದೆ. ಮೊದಲ ವಾರ ಜೋಳದ ರೊಟ್ಟಿ ಅಗಿಯಲು ಕಷ್ಟಪಟ್ಟರು, ಎರಡು ಸಲ ಒಸಡು ಹುಣ್ಣಾಗಿ ಅಂಚು ಸವರಿಕೊಟ್ಟೆ.

ಐದು ತಿಂಗಳಲ್ಲಿ ಸಕ್ಕರೆ 7ರ ಹತ್ತಿರ ಇಳಿಯಿತು, ಮಿಶ್ರಿ ಡಬ್ಬಿ ಮನೆಯಿಂದ ಹೋಯಿತು. ಪುಣೆಗೆ ಹೋಗಿ ತ್ರೀಡಿ ಸ್ಕ್ಯಾನ್ ಮಾಡಿಸಿಕೊಂಡು ಬಂದರು. ದವಡೆಯೊಳಗೆ ತುಟಿಗೆ ಸ್ಪರ್ಶ ಕೊಡುವ ನರ ಹರಿಯುತ್ತದೆ. ತಿರುಪಿನ ತುದಿಗೂ ಅದಕ್ಕೂ ನಡುವೆ ಎರಡು ಮಿಲಿಮೀಟರಾದರೂ ಬಿಡಬೇಕು. ಅಷ್ಟು ಜಾಗವಿತ್ತು, ಇಂಪ್ಲಾಂಟ್ ಕೂರಿತು. ತಡಮಾಡಿದ್ದಕ್ಕೆ ದಂಡವೂ ಇತ್ತು: ಎದುರಿನ ಮೇಲಿನ ಹಲ್ಲು ಖಾಲಿ ಜಾಗಕ್ಕೆ ಇಳಿದಿತ್ತು, ಅದರ ತುದಿಯನ್ನು ಎನಾಮಲ್ ದಾಟದಷ್ಟು ಸವರಬೇಕಾಯಿತು. ಹಾಗೆ ಸವರಬೇಕೆಂದು ಅವರಿಗೆ ಮೊದಲೇ ತೋರಿಸಿ, ಒಪ್ಪಿಗೆ ಪಡೆದು ಮಾಡಿದೆ.

ಕುರ್ಚಿಯಲ್ಲಿ ಕೂರುವವರೇ, ಕೇಳಿ: “ನನ್ನ ಪಕ್ಕದ ಹಲ್ಲುಗಳ ಎಕ್ಸ್‌ರೇ ತೋರಿಸಿ, ಅವಕ್ಕೆ ಏನಾಗಿದೆ?” ವೈದ್ಯರೇ, ಆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಅವರ ಮಾತಿನಲ್ಲಿ ಹೇಳಿ. ಇಂಪ್ಲಾಂಟ್ ಹಾಕಿಸಿಕೊಂಡವರೂ ಸುಮ್ಮನಿರಬೇಡಿ. ಅದಕ್ಕೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ಎಲುಬು ಕರಗಬಹುದು. ಬ್ರಷ್ ಮಾಡುವಾಗ ಆ ಜಾಗದಲ್ಲಿ ರಕ್ತ ಕಂಡರೆ ನೋವಿಗಾಗಿ ಕಾಯದೆ ಬನ್ನಿ.

ಆ ಅಕ್ಕ ಆರು ತಿಂಗಳಿಗೊಮ್ಮೆ ಬರುತ್ತಾರೆ. ಹೊಸ ಹಲ್ಲಿನ ಒಸಡನ್ನು ಪರೀಕ್ಷಿಸಿದ ಮೇಲೆ ಕನ್ನಡಿ ಕೈಗೆ ತೆಗೆದುಕೊಂಡು, ಆಚೀಚಿನ ಎರಡನ್ನೂ ಉಗುರಿನಿಂದ ಕಟಕಟ ತಟ್ಟಿ ನೋಡಿಕೊಳ್ಳುತ್ತಾರೆ.